ಒಂಬತ್ತು ಸೈಟಿನ ಕಾನೂನು, ಒಂದೇ ಸೈಟಿನ ಬಿಸಿಲು

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನ ಒಂದೂವರೆಗೆ ಮುಚ್ಚಿತು. ನೌಕರರು ಬಿಸಿಲಿಗೆ ಸಿಕ್ಕಿಬೀಳಬಾರದು, ಮನೆಗೆ ಹೋಗಲಿ ಅನ್ನುವುದು ಇದರ ಉದ್ದೇಶ. ಒಳ್ಳೆಯದೇ. ಆದರೆ ನಾನು ಕಲಬುರಗಿಯ ಮಗ. ಒಂದೂವರೆಗೆ ಮನೆಗೆ ಹೋದವರಿಗೆ ಅಲ್ಲಿ ಏನು ಕಾದಿರುತ್ತದೆ ಅಂತ ನನಗೆ ಗೊತ್ತು. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬು, ಅದರ ಮೇಲೆ ಕಪ್ಪಗಾದ ಸಿಮೆಂಟ್ ಗಾರೆ, ಕೆಳಗೆ ಬಿಸಿಗಾಳಿಯನ್ನು ಸುತ್ತಿಸುವ ಒಂದು ಫ್ಯಾನು. ನಮ್ಮ ಸರ್ಕಾರ ಕಚೇರಿಯ ಗಡಿಯಾರವನ್ನು ಬದಲಿಸಿದೆ, ಮನೆಯ ಚಾವಣಿಯ ಬಗ್ಗೆ ಇನ್ನೂ ಯೋಚಿಸಿಲ್ಲ.

ಹೋದ ಬೇಸಿಗೆಯಲ್ಲಿ ಅವ್ವನ ಮನೆಯಲ್ಲಿ ಹದಿನೈದು ದಿನ ಇದ್ದೆ. ರಾತ್ರಿ ಹನ್ನೊಂದಾದರೂ ನಿದ್ದೆ ಇಲ್ಲ. ಹೊರಗೆ ಅಂಗಳದಲ್ಲಿ ಗಾಳಿ ತಣ್ಣಗಾಗಿತ್ತು, ಒಳಗೆ ಮಾತ್ರ ಒಲೆಯ ಮುಂದೆ ಕೂತ ಹಾಗಿತ್ತು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಹೀಟ್ ಟ್ರಾನ್ಸ್‌ಫರ್ ಪೇಪರ್ ಪಾಸ್ ಮಾಡಿ, ಆಮೇಲೆ ಅದನ್ನೆಲ್ಲ ಬಿಟ್ಟು ಸುದ್ದಿ ಬರೆಯಲು ಬಂದವನು ನಾನು. ಓದಿದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು. ಮಾರುಕಟ್ಟೆಯಿಂದ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಂದೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದರ ಅಣ್ಣ. ಮಧ್ಯಾಹ್ನ ಎರಡಕ್ಕೆ ಛತ್ತಿನ ಮೇಲೆ ಹತ್ತಿದೆ.

"ಈ ಬಿಸಲಾಗ ಮ್ಯಾಲ ಏನ್ ಮಾಡ್ಲಾಕತ್ತಿ ತಮ್ಮಾ, ತಲಿ ಸುಡ್ತದ, ಕೆಳಗ ಬಾ" ಅಂತ ಅವ್ವ ಕೂಗುತ್ತಿದ್ದಳು. ಗನ್ನು ತೋರಿಸಿದ್ದು 64 ಡಿಗ್ರಿ. ಆ ಹೊತ್ತಿಗೆ ನೆರಳಿನಲ್ಲಿ ಗಾಳಿಯ ಉಷ್ಣತೆ 41. ರಾತ್ರಿ ಒಂಬತ್ತಕ್ಕೆ ಒಳಗಿನಿಂದ ಸೀಲಿಂಗಿಗೆ ಹಿಡಿದೆ: 41. ಅಂದರೆ ಸೂರ್ಯ ಮುಳುಗಿ ಎರಡು ತಾಸಾದ ಮೇಲೂ ನಮ್ಮ ತಲೆಯ ಮೇಲೆ ಮಧ್ಯಾಹ್ನದ ಗಾಳಿಯಷ್ಟೇ ಬಿಸಿಯಾದ ಒಂದು ಬಂಡೆ ತೂಗುತ್ತಿತ್ತು.

ಸ್ಲ್ಯಾಬು ಸಾಲ ತೀರಿಸುವುದು ರಾತ್ರಿ

ಇದು ಯಾಕೆ ಹೀಗೆ? ಕಾಂಕ್ರೀಟು ಬಿಸಿಯನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ತಡೆಯುವುದಿಲ್ಲ. ಮೇಲ್ಮೈ ಮಧ್ಯಾಹ್ನ ಒಂದು-ಎರಡರ ಹೊತ್ತಿಗೆ ಕಾದರೆ, ಆ ಬಿಸಿ ಐದು ಇಂಚು ಇಳಿದು ಕೆಳಗಿನ ಮುಖಕ್ಕೆ ಬರಲು ಮೂರು-ನಾಲ್ಕು ತಾಸು ಹಿಡಿಯುತ್ತದೆ. ಹಾಗಾಗಿ ಸೀಲಿಂಗು ಅತಿ ಹೆಚ್ಚು ಬಿಸಿಯಾಗುವುದು ಸಂಜೆ ಐದು-ಆರಕ್ಕೆ. ಅಲ್ಲಿಂದ ಮುಂದೆ ಮಧ್ಯರಾತ್ರಿವರೆಗೂ ಅದು ಹಗಲಿನಲ್ಲಿ ಪಡೆದದ್ದನ್ನು ನಮ್ಮ ಮೈಮೇಲೆ ತೀರಿಸುತ್ತಿರುತ್ತದೆ. ಫ್ಯಾನು ಹಾಕಿದರೆ ಸೀಲಿಂಗಿಗೆ ತಾಗಿದ ಬಿಸಿಗಾಳಿಯೇ ಕೆಳಗೆ ಬರುತ್ತದೆ. ಜೊತೆಗೆ ಸೀಲಿಂಗಿನಿಂದ ನೇರವಾಗಿ ಬರುವ ಶಾಖ ಬೇರೆ. ಫ್ಯಾನು ಅದನ್ನು ಏನೂ ಮಾಡಲಾರದು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ, ಹೆದರಬೇಡಿ. ಅವ್ವನ ಮನೆ 20-30ರ ಸೈಟಿನಲ್ಲಿದೆ. ಚಾವಣಿ ಸುಮಾರು 45 ಚದರ ಮೀಟರ್. ಮೇ ತಿಂಗಳ ಸ್ವಚ್ಛ ಆಕಾಶದಲ್ಲಿ ಒಂದು ಚದರ ಮೀಟರ್ ಮಟ್ಟಸ ಚಾವಣಿಯ ಮೇಲೆ ದಿನಕ್ಕೆ ಬೀಳುವ ಬಿಸಿಲು ಸುಮಾರು ಆರೂವರೆ ಯೂನಿಟ್. ಇದು ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್ಟು. ಹಳೆಯದಾಗಿ ಕಪ್ಪಾದ ಸಿಮೆಂಟು ಇದರಲ್ಲಿ ನೂರಕ್ಕೆ 65ರಷ್ಟನ್ನು ಹೀರುತ್ತದೆ. ಹೊಸದಾಗಿ ಬಳಿದ ಸುಣ್ಣ ಹೀರುವುದು ನೂರಕ್ಕೆ 25ರ ಆಸುಪಾಸು. ವ್ಯತ್ಯಾಸ ನೂರಕ್ಕೆ 40. ಇಡೀ ಚಾವಣಿಗೆ ಗುಣಿಸಿದರೆ ದಿನಕ್ಕೆ ಸುಮಾರು 117 ಯೂನಿಟ್ಟಿನಷ್ಟು ಬಿಸಿ ಸ್ಲ್ಯಾಬಿಗೆ ಹತ್ತುವುದೇ ಇಲ್ಲ.

ಅಷ್ಟೂ ಒಳಗೆ ಬರುತ್ತಿತ್ತು ಅಂತಲ್ಲ. ಹೀರಿದ ಬಿಸಿಯ ಬಹುಪಾಲು ಗಾಳಿಗೆ, ಆಕಾಶಕ್ಕೆ ವಾಪಸ್ ಹೋಗುತ್ತದೆ. ಬರಿ ಸ್ಲ್ಯಾಬಿನ ಮೂಲಕ ಒಳಗಿಳಿಯುವುದು ಹೆಚ್ಚುಕಡಿಮೆ ಆರನೇ ಒಂದು ಪಾಲು. ಅಂದರೆ ದಿನಕ್ಕೆ 20 ಯೂನಿಟ್. ಒಂದು ಟನ್ನಿನ ಎಸಿ ಒಂದು ತಾಸಿಗೆ ಹೊರಹಾಕುವ ಬಿಸಿ ಮೂರೂವರೆ ಯೂನಿಟ್. ಹಾಗಾದರೆ ಛತ್ತಿಗೆ ಬಳಿದ ಸುಣ್ಣ ಮಾಡುವ ಕೆಲಸ, ಒಂದು ಟನ್ನಿನ ಎಸಿಯನ್ನು ದಿನಾ ಹತ್ತಿರ ಹತ್ತಿರ ಆರು ತಾಸು ಓಡಿಸಿದ್ದಕ್ಕೆ ಸಮ. ಕರೆಂಟು ಹೋದರೂ ಅದು ನಿಲ್ಲುವುದಿಲ್ಲ.

ಗಾಳಿ, ತೇವ, ಸ್ಲ್ಯಾಬಿನ ದಪ್ಪ ಬದಲಾದರೆ ಈ ಅಂಕಿ ಹಿಂದೆಮುಂದೆ ಆಗುತ್ತದೆ. ಹಾಗಾಗಿ ಲೆಕ್ಕವನ್ನೇ ನಂಬಿ ಕೂರದೆ ಮಾಡಿ ನೋಡಿದೆ. ಛತ್ತಿನ ಅರ್ಧಕ್ಕೆ ಮಾತ್ರ ಬಳಿಯುವುದು ಅಂತ ತೀರ್ಮಾನಿಸಿ, ನಮ್ಮ ಮನೆ ಕಟ್ಟಿದ ಗೌಂಡಿ ಕಾಕಾನನ್ನೇ ಕರೆಸಿದೆ.

"ಅರ್ಧಾ ಯಾಕ್ರೀ, ದುಡ್ಡಿಲ್ಲೇನು?" ಅಂತ ಕಾಕಾ ನಕ್ಕ.

ಸುಣ್ಣವನ್ನು ಹಿಂದಿನ ರಾತ್ರಿಯೇ ನೆನೆಹಾಕಿ ಸೋಸಿದ. ಸ್ವಲ್ಪ ಬಿಳಿ ಸಿಮೆಂಟು, ಸ್ವಲ್ಪ ಅಂಟು ಸೇರಿಸಿದ. ಅದಕ್ಕಿಂತ ಮುಖ್ಯ, ಮೊದಲು ಛತ್ತನ್ನು ಕಬ್ಬಿಣದ ಬ್ರಷ್ಷಿನಿಂದ ಉಜ್ಜಿ ಧೂಳು, ಪಾಚಿ ತೆಗೆದ. ಬಹಳಷ್ಟು ಕಡೆ ಸುಣ್ಣ ಒಂದೇ ತಿಂಗಳಿಗೆ ಹಪ್ಪಳದಂತೆ ಏಳುವುದು ಈ ಒಂದು ಕೆಲಸ ಬಿಟ್ಟಿದ್ದಕ್ಕೇ. ಆಮೇಲೆ ಮೇಲ್ಮೈ ತೇವ ಮಾಡಿ, ಬಿಸಿಲಿಳಿದ ಮೇಲೆ ಮೊದಲ ಕೋಟು, ಮರುದಿನ ಬೆಳಿಗ್ಗೆ ಎರಡನೇ ಕೋಟು. ಕಾದ ಛತ್ತಿನ ಮೇಲೆ ಬಳಿದರೆ ನೀರು ತಕ್ಷಣ ಆರಿ, ಸುಣ್ಣ ಹಿಡಿಯದೆ ಪುಡಿಯಾಗಿ ಉಳಿಯುತ್ತದೆ.

ಎರಡು ದಿನ ಬಿಟ್ಟು ಅಳೆದೆ. ಮಧ್ಯಾಹ್ನ ಎರಡಕ್ಕೆ ಬೂದು ಭಾಗ 63, ಬಿಳಿ ಭಾಗ 46. ರಾತ್ರಿ ಒಂಬತ್ತಕ್ಕೆ ಬೂದು ಭಾಗದ ಕೆಳಗಿನ ಸೀಲಿಂಗ್ 41, ಬಿಳಿ ಭಾಗದ ಕೆಳಗೆ 36. ಅಡುಗೆಮನೆಯಿಂದ ಮಲಗುವ ಕೋಣೆಗೆ ಬಂದರೆ ಮೈಗೆ ಗೊತ್ತಾಗುವಷ್ಟು ವ್ಯತ್ಯಾಸ. ಮೂರನೇ ದಿನ ಉಳಿದರ್ಧಕ್ಕೂ ಬಳಿಸಲು ಅವ್ವನೇ ಹೇಳಿದಳು.

ಹೊಳೆಯುವುದೆಲ್ಲ ತಣ್ಣಗಿರುವುದಿಲ್ಲ

ಇಷ್ಟು ಹೇಳಿದ ಕೂಡಲೇ ಗೆಳೆಯನೊಬ್ಬ ಕೇಳಿದ: "ಪತ್ರಾಸ್ ಮನೆಗಳ ತಗಡು ಹೊಳೀತದಲ್ಲ, ಕನ್ನಡಿ ಇದ್ದಂಗ. ಅದು ಬಿಸಿಲು ವಾಪಸ್ ಕಳಿಸಬೇಕಲ್ಲ?" ಒಳ್ಳೆಯ ಪ್ರಶ್ನೆ. ನಮ್ಮ ನಗರಗಳ ಅಂಚಿನ ಕಾಲೊನಿಗಳಲ್ಲಿ, ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಬದುಕುವವರ ಪ್ರಶ್ನೆಯೂ ಹೌದು.

ಚಾವಣಿ ತಣ್ಣಗಿರಬೇಕಾದರೆ ಅದು ಎರಡು ಕೆಲಸ ಮಾಡಬೇಕು. ಒಂದು, ಬಿಸಿಲನ್ನು ಹಿಂದಕ್ಕೆ ಎಸೆಯಬೇಕು. ಎರಡು, ಹೀರಿಕೊಂಡ ಸ್ವಲ್ಪ ಶಾಖವನ್ನು ಆಕಾಶದ ಕಡೆಗೆ ಉಗುಳಬೇಕು. ಸುಣ್ಣ, ಬಿಳಿ ಬಣ್ಣ ಎರಡನ್ನೂ ಚೆನ್ನಾಗಿ ಮಾಡುತ್ತವೆ. ಬಣ್ಣವಿಲ್ಲದ ಲೋಹ ಮೊದಲನೆಯದನ್ನು ಹೊಸದರಲ್ಲಿ ಸುಮಾರಾಗಿ ಮಾಡುತ್ತದೆ, ಎರಡನೆಯದರಲ್ಲಿ ಪೂರ್ತಿ ಫೇಲು. ಹೀರಿದ್ದನ್ನು ಒಳಗೇ ಇಟ್ಟುಕೊಂಡು ಕಾಯುತ್ತಾ ಹೋಗುತ್ತದೆ. ಒಂದೆರಡು ಮಳೆಗಾಲ ಕಳೆದು ತುಕ್ಕು, ಧೂಳು ಹಿಡಿದ ಮೇಲಂತೂ ಮೊದಲನೆಯ ಗುಣವೂ ಹೋಗುತ್ತದೆ.

ಇಲ್ಲಿ ಅಳೆಯುವವರು ಮೋಸಹೋಗುವ ಒಂದು ಜಾಗ ಇದೆ. ಹೊಳೆಯುವ ತಗಡಿಗೆ ಇನ್‌ಫ್ರಾರೆಡ್ ಗನ್ ಹಿಡಿದರೆ ಅದು ಸುಳ್ಳು ಹೇಳುತ್ತದೆ, ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಯಾಕೆಂದರೆ ಆ ಗನ್ನು ಅಳೆಯುವುದೇ ಮೇಲ್ಮೈ ಉಗುಳುವ ಶಾಖವನ್ನು, ಮತ್ತು ಲೋಹ ಅದನ್ನೇ ಸರಿಯಾಗಿ ಉಗುಳುವುದಿಲ್ಲ. ತಗಡಿನ ಮೇಲೆ ಒಂದು ತುಂಡು ಕರಿ ಇನ್ಸುಲೇಶನ್ ಟೇಪು ಅಂಟಿಸಿ, ಐದು ನಿಮಿಷ ಬಿಟ್ಟು ಟೇಪಿನ ಮೇಲೆ ಅಳೆಯಿರಿ. ಒಳಗಿನ ಮುಖದಲ್ಲೇ ಅಂಟಿಸಿ ಅಳೆದರೆ ಇನ್ನೂ ಒಳ್ಳೆಯದು, ಆಗ ಟೇಪಿಗೆ ಬಿಸಿಲು ತಾಗಿ ಲೆಕ್ಕ ಕೆಡುವುದಿಲ್ಲ.

ತಗಡಿಗೆ ದಪ್ಪವಿಲ್ಲದ್ದರಿಂದ ಬಿಸಿ ಕಾಯಿಸಿಟ್ಟುಕೊಳ್ಳುವ ಶಕ್ತಿಯೂ ಇಲ್ಲ. ಬಿಸಿಲು ಬಿದ್ದ ಕೆಲವೇ ನಿಮಿಷದಲ್ಲಿ ಕಾಯುತ್ತದೆ, ಬಿಸಿಲು ಹೋದರೆ ಅಷ್ಟೇ ಬೇಗ ಆರುತ್ತದೆ. ಅಂದರೆ ಸ್ಲ್ಯಾಬಿನ ಮನೆಯ ಕಷ್ಟ ರಾತ್ರಿಯದು, ಪತ್ರಾಸ್ ಮನೆಯ ಕಷ್ಟ ಹಗಲಿನದು. ಹಗಲು ಮನೆಯಲ್ಲಿ ಯಾರಿರುತ್ತಾರೆ? ಬಾಣಂತಿ, ಕೂಸು, ಮುದುಕರು, ಮನೆಯಲ್ಲೇ ಬೀಡಿ ಕಟ್ಟುವ, ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳು. ಬಿಳಿ ಬಣ್ಣದಿಂದ ಕೂಡಲೇ ಅತಿ ಹೆಚ್ಚು ಉಪಯೋಗ ಆಗುವುದು ಈ ಮನೆಗಳಿಗೆ. ಸುಣ್ಣ ತಗಡಿಗೆ ಹಿಡಿಯುವುದಿಲ್ಲ, ಬಣ್ಣವೇ ಬೇಕು. ತುಕ್ಕು ಉಜ್ಜಿ, ಪ್ರೈಮರ್ ಹಾಕಿ, ಆಮೇಲೆ ಹೊರಗೋಡೆಗೆ ಬಳಸುವಂಥ ಬಾಳಿಕೆಯ ಬಿಳಿ ಬಣ್ಣ ಬಳಿಯಬೇಕು.

ದಕ್ಷಿಣ ದಿಕ್ಕಿನ ಸೈಟು ಯಾಕೆ ಅಗ್ಗ?

ಚಾವಣಿ ಆಯಿತು, ಗೋಡೆಗೆ ಬರೋಣ. ಇಲ್ಲಿ ಸ್ವಲ್ಪ ಸೂರ್ಯನ ಹಾದಿ ಗೊತ್ತಿರಬೇಕು.

ಕಲಬುರಗಿ ಭೂಮಧ್ಯರೇಖೆಯಿಂದ ಸುಮಾರು 17 ಡಿಗ್ರಿ ಉತ್ತರಕ್ಕಿದೆ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಕಂಬ ನೆಟ್ಟು ತೋರಿಸುತ್ತಾರಲ್ಲ, ಅದೇ. ಅದರಾಚೆ ಜುಲೈ ಕೊನೆಯ ತನಕ ಅವನು ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಇದರ ಅರ್ಥ ಏನೆಂದರೆ, ಕಡು ಬೇಸಿಗೆಯಲ್ಲಿ ನಮ್ಮ ದಕ್ಷಿಣದ ಗೋಡೆಗೆ ನೇರ ಬಿಸಿಲು ಹೆಚ್ಚುಕಡಿಮೆ ಬೀಳುವುದೇ ಇಲ್ಲ. ಉತ್ತರದ ಗೋಡೆಗೆ ಓರೆಯಾಗಿ ಸ್ವಲ್ಪ ಬೀಳುತ್ತದೆ. ಹೊಡೆತ ತಿನ್ನುವುದು ಪೂರ್ವ ಮತ್ತು ಪಶ್ಚಿಮದ ಗೋಡೆಗಳು. ಅದರಲ್ಲೂ ಪಶ್ಚಿಮದ್ದು ಕೆಟ್ಟದ್ದು, ಅದಕ್ಕೆ ಬಿಸಿಲು ತಾಗುವಾಗ ಗಾಳಿಯೂ ದಿನದ ಪರಮಾವಧಿ ಕಾದಿರುತ್ತದೆ.

"ಕಿಟಕಿಗೆ ಸಜ್ಜಾ ಇದೆಯಲ್ಲ" ಅನ್ನಬಹುದು. ಅವ್ವನ ಮನೆಯ ಪಶ್ಚಿಮದ ಕಿಟಕಿ ನಾಲ್ಕಡಿ ಎತ್ತರ, ಸಜ್ಜಾ ಎರಡಡಿ. ಮೇ ಮಧ್ಯದಲ್ಲಿ ಸಂಜೆ ನಾಲ್ಕೂಕಾಲಿಗೆ ಸೂರ್ಯ ದಿಗಂತದಿಂದ ಸುಮಾರು 33 ಡಿಗ್ರಿ ಮೇಲಿರುತ್ತಾನೆ. ಆಗ ಆ ಸಜ್ಜಾ ನೆರಳು ಕೊಡುವುದು ಒಂದಡಿ ನಾಲ್ಕು ಇಂಚಿಗೆ. ಇನ್ನೊಂದು ತಾಸು ಕಳೆದರೆ ಎಂಟೇ ಇಂಚಿಗೆ. ಉಳಿದ ಕಿಟಕಿಯಿಂದ ಬಿಸಿಲು ಸೀದಾ ಒಳಗೆ ಬಂದು ಹಾಸಿಗೆಯ ಮೇಲೆ ಬೀಳುತ್ತದೆ. ಅದೇ ಎರಡಡಿ ಸಜ್ಜಾ ದಕ್ಷಿಣದ ಕಿಟಕಿಗೆ ಧಾರಾಳ ಸಾಕು. ನಮ್ಮಲ್ಲಿ ನಾಲ್ಕೂ ದಿಕ್ಕಿಗೆ ಒಂದೇ ಅಳತೆಯ ಸಜ್ಜಾ ಹಾಕುತ್ತಾರೆ. ಮಳೆ ಲೆಕ್ಕ ಹಾಕಿದ ಸಜ್ಜಾ ಅದು, ಬಿಸಿಲಿನ ಲೆಕ್ಕ ಯಾರೂ ಹಾಕಿದ್ದಲ್ಲ.

ಪಶ್ಚಿಮಕ್ಕೆ ಬೇಕಾದ್ದು ಮೇಲಿನಿಂದ ಬರುವ ಸಜ್ಜಾ ಅಲ್ಲ, ಮುಂದಿನಿಂದ ತಡೆಯುವ ಪರದೆ. ಜಾಳಿ, ಬಿದಿರಿನ ತಟ್ಟಿ, ಮೂರಡಿ ದೂರದಲ್ಲಿ ಹಬ್ಬಿಸಿದ ಬಳ್ಳಿ, ಒಂದು ಬೇವಿನ ಮರ. ಮುಖ್ಯವಾದದ್ದು ಅದು ಗಾಜಿನ ಹೊರಗಿರಬೇಕು. ಒಳಗೆ ದಪ್ಪ ಪರದೆ ಹಾಕಿದರೆ ಬೆಳಕು ನಿಲ್ಲುತ್ತದೆ, ಆದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ. ಪರದೆ ಕಾದು ಕೋಣೆಯನ್ನೇ ಕಾಯಿಸುತ್ತದೆ.

ಈಗ ನನಗೆ ನಗು ತರಿಸುವ ವಿಷಯ. ನಮ್ಮ ಲೇಔಟುಗಳಲ್ಲಿ ಪೂರ್ವ ದಿಕ್ಕಿನ ಸೈಟಿಗೆ ಬೆಲೆ ಜಾಸ್ತಿ, ದಕ್ಷಿಣ ದಿಕ್ಕಿನದ್ದನ್ನು ಜನ ಮೂಸುವುದಿಲ್ಲ, ವಾಸ್ತು ಹಾಗೆ ಹೇಳುತ್ತದಂತೆ. 20-30ರ ಸೈಟನ್ನು ನೆನಪಿಸಿಕೊಳ್ಳಿ. ಎರಡೂ ಪಕ್ಕದಲ್ಲಿ ಬೇರೆ ಮನೆ ಅಂಟಿಕೊಂಡಿರುತ್ತದೆ, ಕಿಟಕಿ ಇಡಲು ಸಿಗುವುದು ಮುಂದಿನ ಮತ್ತು ಹಿಂದಿನ ಗೋಡೆ ಮಾತ್ರ. ಪೂರ್ವ ದಿಕ್ಕಿನ ಸೈಟಿನಲ್ಲಿ ಆ ಎರಡು ಗೋಡೆ ಯಾವುವು? ಪೂರ್ವ ಮತ್ತು ಪಶ್ಚಿಮ. ಬೆಳಿಗ್ಗೆ ಮುಂದಿನಿಂದ ಸುಡು, ಸಂಜೆ ಹಿಂದಿನಿಂದ ಸುಡು. ದಕ್ಷಿಣ ಅಥವಾ ಉತ್ತರ ದಿಕ್ಕಿನ ಸೈಟಿನಲ್ಲಾದರೆ ಕಿಟಕಿಗಳು ಎರಡು ತಂಪು ದಿಕ್ಕಿಗೆ ಬರುತ್ತವೆ, ಸುಡುವ ಎರಡು ಗೋಡೆಗಳಿಗೆ ಪಕ್ಕದ ಮನೆಗಳೇ ನೆರಳು. ಸೂರ್ಯನ ಲೆಕ್ಕದಲ್ಲಿ ಒಳ್ಳೆಯ ಸೈಟನ್ನು ಮಾರುಕಟ್ಟೆ ಅಗ್ಗಕ್ಕೆ ಮಾರುತ್ತಿದೆ. ಸೈಟು ಹುಡುಕುತ್ತಿರುವ ವೈಚಾರಿಕ ಗೆಳೆಯರೇ, ಇದು ನಿಮಗೆ ನನ್ನ ಉಚಿತ ಸಲಹೆ.

ಅಂದಹಾಗೆ ಇದು ಒತ್ತೊತ್ತಾಗಿ ಮನೆಗಳಿರುವ ಸಣ್ಣ ಸೈಟಿನ ಮಾತು. ನಾಲ್ಕೂ ಕಡೆ ಜಾಗವಿದ್ದರೆ ದಾರಿ ಯಾವ ದಿಕ್ಕಿಗಿದ್ದರೂ ಮನೆಯ ಉದ್ದನೆಯ ಬದಿಗಳನ್ನು ಉತ್ತರ-ದಕ್ಷಿಣಕ್ಕೆ ಇಟ್ಟರೆ ಮುಗಿಯಿತು.

ಕಿಟಕಿ ತೆರೆಯುವ ಹೊತ್ತು

"ಗಾಳಿ ಆಡಬೇಕು" ಅನ್ನುವುದು ಎಲ್ಲರೂ ಹೇಳುವ ಮಾತು. ಅರ್ಧ ಸರಿ. ಕಲಬುರಗಿಯಲ್ಲಿ ಮಧ್ಯಾಹ್ನ ಒಂದಕ್ಕೆ ಕಿಟಕಿ ತೆರೆದರೆ 41 ಡಿಗ್ರಿಯ ಗಾಳಿಯನ್ನು 35 ಡಿಗ್ರಿಯ ಕೋಣೆಗೆ ಕರೆದಂತೆ. ಹೊರಗಿನ ಗಾಳಿ ಒಳಗಿಗಿಂತ ತಣ್ಣಗಿದ್ದಾಗ ಮಾತ್ರ ಅದು ಮನೆಯನ್ನು ತಂಪು ಮಾಡುತ್ತದೆ. ನಮ್ಮಂಥ ಒಣ ಬಿಸಿಲಿನ ಊರಲ್ಲಿ ಆ ಹೊತ್ತು ರಾತ್ರಿ ಎಂಟು-ಒಂಬತ್ತರಿಂದ ಬೆಳಿಗ್ಗೆ ಎಂಟರವರೆಗೆ. ಆಗ ಎಲ್ಲ ತೆರೆದು, ಗೋಡೆ, ಸ್ಲ್ಯಾಬು ತಣ್ಣಗಾಗಲು ಬಿಟ್ಟು, ಬಿಸಿಲೇರುವ ಮುಂಚೆ ಮುಚ್ಚಬೇಕು. ಹಳೆ ತಲೆಮಾರಿನವರು ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಮುಂದೆ ಮಾಡುತ್ತಿದ್ದದ್ದು ಇದಕ್ಕೇ. ಮಂಗಳೂರಿನ ಲೆಕ್ಕ ಬೇರೆ. ಅಲ್ಲಿ ರಾತ್ರಿ ಹಗಲಿನ ವ್ಯತ್ಯಾಸ ಕಡಿಮೆ, ಸೆಕೆ ಜಾಸ್ತಿ. ಬೆವರು ಆರಿಸಲು ದಿನವಿಡೀ ಗಾಳಿ ಬೇಕು. ಒಂದೂರಿನ ಮನೆ ಇನ್ನೊಂದೂರಿಗೆ ಮಾದರಿ ಆಗುವುದಿಲ್ಲ ಅನ್ನುವುದು ಇಲ್ಲಿ.

ಗಾಳಿ ಆಡಲು ಎರಡು ಕಿಂಡಿ ಬೇಕು, ಬೇರೆ ಬೇರೆ ಗೋಡೆಯಲ್ಲಿ. ಒಂದೇ ಗೋಡೆಯಲ್ಲಿ ಎಷ್ಟು ದೊಡ್ಡ ಕಿಟಕಿ ಇಟ್ಟರೂ ಗಾಳಿ ಬಾಗಿಲಲ್ಲೇ ನಿಂತ ನೆಂಟನ ಹಾಗೆ, ಒಳಗೆ ಬರುವುದಿಲ್ಲ. ಎರಡು ಕಿಟಕಿಯ ನಡುವೆ ಮುಚ್ಚಿದ ಬಾಗಿಲಿದ್ದರೂ ಅದೇ ಕಥೆ. ಹಿಂದೆ ಬಾಗಿಲ ಮೇಲೆ ಒಂದು ವೆಂಟಿಲೇಟರ್ ಇಡುತ್ತಿದ್ದರು, ಬಾಗಿಲು ಹಾಕಿ ಮಲಗಿದರೂ ಗಾಳಿಗೆ ದಾರಿ ಇರುತ್ತಿತ್ತು. ಈಗ ಅದು ಹೋಯಿತು, ಸ್ಲೈಡಿಂಗ್ ಕಿಟಕಿ ಬಂತು. ನಾಲ್ಕಡಿಯ ಸ್ಲೈಡರ್ ಪೂರ್ತಿ ತೆರೆದರೂ ಗಾಳಿಗೆ ಸಿಗುವುದು ಎರಡೇ ಅಡಿ. ಕೂಲರ್ ಇಟ್ಟವರ ಕಥೆಯೂ ಇದೇ. ಎದುರು ಕಿಟಕಿ ತೆರೆಯದೆ ಕೂಲರ್ ಓಡಿಸಿದರೆ ತೇವ ಹೊರಹೋಗದೆ, ಒಂದು ತಾಸಿನಲ್ಲಿ ಕೋಣೆ ಇಡ್ಲಿ ಪಾತ್ರೆಯಾಗುತ್ತದೆ.

ಆದರೆ ರಾತ್ರಿ ಕಿಟಕಿ ತೆರೆದಿಡಿ ಅಂತ ಬರೆಯುವುದು ಸುಲಭ. ನೆಲಮಹಡಿಯಲ್ಲಿ, ರಸ್ತೆಗೆ ಅಂಟಿದ ಮನೆಯಲ್ಲಿ, ಗಂಡಸರಿಲ್ಲದ ಮನೆಯಲ್ಲಿ ಹೆಣ್ಣುಮಕ್ಕಳು ಕಿಟಕಿ ತೆರೆದು ಮಲಗುತ್ತಾರಾ? ಗಂಡಸರು ಛತ್ತಿನ ಮೇಲೆ ಹಾಸಿಗೆ ಹಾಕಿಕೊಳ್ಳುತ್ತಾರೆ, ಹೆಂಗಸರು ಕೆಳಗೆ ಬೇಯುತ್ತಾರೆ. ಸೊಳ್ಳೆ ಪರದೆ, ಗಟ್ಟಿ ಸರಳು, ಕಣ್ಣೆತ್ತರಕ್ಕಿಂತ ಮೇಲಿನ ಕಿಂಡಿ, ಇವು ಅಲಂಕಾರದ ಮಾತಲ್ಲ. ಇವಿಲ್ಲದಿದ್ದರೆ ಕ್ರಾಸ್ ವೆಂಟಿಲೇಶನ್ ಅನ್ನುವುದು ನಕ್ಷೆಯಲ್ಲಿ ಮಾತ್ರ ಇರುತ್ತದೆ.

ಹಳೆಯದನ್ನು ಹೊಗಳುವ ಮುಂಚೆ

ಇಂಥ ಲೇಖನಗಳು ಸಾಮಾನ್ಯವಾಗಿ "ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಎಷ್ಟು ತಂಪು" ಅಂತ ಮುಗಿಯುತ್ತವೆ. ತಂಪು ನಿಜ. ಎರಡಡಿ ಗೋಡೆ, ಕಟ್ಟಿಗೆಯ ಜಂತೆಯ ಮೇಲೆ ಒಂದಡಿ ಮಣ್ಣು. ಹಗಲಿನ ಬಿಸಿ ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿ ಅದು ಬಂದ ದಾರಿಗೇ ತಿರುಗುತ್ತಿತ್ತು. ಆದರೆ ಆ ವಾಡೆಗಳು ಯಾರವು? ಗೌಡರವು, ದೇಸಾಯಿಗಳವು. ಊರ ಹೊರಗಿನ ಕೇರಿಯಲ್ಲಿ ಇದ್ದದ್ದು ಗುಡಿಸಲು. ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಣ್ಣು ಹೊತ್ತು ಹಾಕಿದವರೂ ಆ ಗುಡಿಸಲಿನವರೇ. ಅವರಿಗೆ ಸೋರದ, ಬೆಂಕಿ ಹತ್ತದ ಸ್ಲ್ಯಾಬಿನ ಮನೆ ಒಂದು ದೊಡ್ಡ ಗೆಲುವು. "ಕಾಂಕ್ರೀಟ್ ಬೇಡ, ಮಣ್ಣಿಗೆ ಹಿಂತಿರುಗಿ" ಅಂತ ಅವರಿಗೆ ಹೇಳುವ ಹಕ್ಕು ಎಸಿ ಕೋಣೆಯಲ್ಲಿ ಕೂತ ನಮಗಿಲ್ಲ. ಪ್ರಶ್ನೆ ಇರುವುದು ಆ ಸ್ಲ್ಯಾಬನ್ನು ಬದುಕಲು ಆಗುವಂತೆ ಮಾಡುವುದು ಹೇಗೆ ಅನ್ನುವುದು.

ಒಂಬತ್ತು ಸೈಟಿನ ಗಡಿ

ಕಾನೂನು ಏನು ಹೇಳುತ್ತದೆ? ಕೇಂದ್ರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2018ರಲ್ಲಿ ಮನೆಗಳಿಗಾಗಿ ಇಕೋ ನಿವಾಸ್ ಸಂಹಿತಾ ಅಂತ ಒಂದು ಸಂಹಿತೆ ತಂದಿತು. ಚಾವಣಿಯ ಮೂಲಕ ಎಷ್ಟು ಬಿಸಿ ಇಳಿಯಬಹುದು ಅನ್ನುವುದಕ್ಕೆ ಅದು ಮಿತಿ ಹಾಕಿದೆ. ಬರಿ ಸ್ಲ್ಯಾಬಿನಿಂದ ಇಳಿಯುವುದು ಆ ಮಿತಿಯ ಸುಮಾರು ಮೂರು ಪಟ್ಟು. ಗೋಡೆ, ಕಿಟಕಿ, ಗಾಳಿಗೂ ಅದರಲ್ಲಿ ನಿಯಮಗಳಿವೆ. ಚೆನ್ನಾಗಿದೆ. ಆದರೆ ಅದು ಅನ್ವಯಿಸುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ.

ಸೇಡಂ ದಾಟಿದರೆ ತಾಂಡೂರು, ತೆಲಂಗಾಣ. ಆ ರಾಜ್ಯ 2023ರಲ್ಲಿ ಕೂಲ್ ರೂಫ್ ನೀತಿ ತಂದಿತು. ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ತಂಪು ಚಾವಣಿ ಕಡ್ಡಾಯ. ಮನೆಗಳಿಗೆ? 600 ಚದರ ಗಜ ಮತ್ತು ಮೇಲ್ಪಟ್ಟ ನಿವೇಶನಗಳಿಗೆ ಕಡ್ಡಾಯ, ಉಳಿದವರಿಗೆ ಐಚ್ಛಿಕ.

ಎರಡು ಬೇರೆ ಸರ್ಕಾರ, ಎರಡು ಬೇರೆ ಅಳತೆ. ಆದರೆ ಲೆಕ್ಕ ಹಾಕಿದರೆ 600 ಚದರ ಗಜ ಅಂದರೂ 500 ಚದರ ಮೀಟರ್ ಅಂದರೂ ಹೆಚ್ಚುಕಡಿಮೆ ಒಂದೇ: 5400 ಚದರ ಅಡಿ. ಅಂದರೆ 20-30ರ ಒಂಬತ್ತು ಸೈಟು. ಒಂಬತ್ತು ಬಡವರ ಸೈಟು ಸೇರಿಸಿದಷ್ಟು ಜಾಗ ಇರುವವನಿಗೆ ಕಾನೂನು "ನಿನ್ನ ಮನೆ ತಂಪಾಗಿರಲಿ" ಅನ್ನುತ್ತದೆ, ಒಂದೇ ಸೈಟಿನವನಿಗೆ "ನಿನ್ನಿಷ್ಟ" ಅನ್ನುತ್ತದೆ.

ಇದಕ್ಕೆ ಕೊಡುವ ಕಾರಣವೂ ಇದೆ: ಬಡವರ ಮೇಲೆ ನಿಯಮದ ಹೊರೆ ಹಾಕಬಾರದು. ಒಪ್ಪೋಣ. ಹಾಗಾದರೆ ಹೊರೆಯನ್ನು ಸರ್ಕಾರವೇ ಹೊರಲಿ. ಅಹಮದಾಬಾದಿನಲ್ಲಿ 2010ರ ಬಿಸಿಗಾಳಿಯ ಸಾವುಗಳ ನಂತರ 2013ರಲ್ಲಿ ನಗರದ ಶಾಖ ಕ್ರಿಯಾಯೋಜನೆ ಬಂತು, 2017ರಲ್ಲಿ ಅದಕ್ಕೆ ತಂಪು ಚಾವಣಿ ಸೇರಿಸಿ, ಶುರು ಮಾಡಿದ್ದು ಕೊಳೆಗೇರಿಗಳಿಂದ. ದೊಡ್ಡ ಬಂಗಲೆಗಳಿಂದ ಅಲ್ಲ.

ನಮ್ಮಲ್ಲಿ ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ವಸತಿ ಯೋಜನೆಯ ಮನೆಗಳಿಗೆ ಹಣ ಬಿಡುಗಡೆಯಾಗುವುದು ಹಂತ ಹಂತವಾಗಿ, ಪಾಯ, ಲಿಂಟಲ್, ಚಾವಣಿ ಅಂತ ಸ್ಥಳದ ಗುರುತಿರುವ ಫೋಟೋ ತೆಗೆದ ಮೇಲೆ. ಕೊನೆಯ ಕಂತಿನ ಫೋಟೋ ಛತ್ತಿನ ಮೇಲಿನಿಂದ ಇರಲಿ, ಅದು ಬೆಳ್ಳಗಿರಲಿ, ಅದರ ಖರ್ಚು ಕಂತಿನಲ್ಲೇ ಸೇರಲಿ. ಮಾದರಿ ನಕ್ಷೆಯಲ್ಲಿ ಎದುರುಬದುರು ಎರಡು ಕಿಂಡಿ ಇರಲಿ. ಹೊಸ ಲೇಔಟಿನ ರಸ್ತೆಗಳನ್ನು ಎಳೆಯುವಾಗ ಹೆಚ್ಚು ಸೈಟುಗಳು ಉತ್ತರ-ದಕ್ಷಿಣಕ್ಕೆ ಮುಖ ಮಾಡುವಂತೆ ಎಳೆಯಲಿ. ಆ ಗೆರೆ ಎಳೆಯಲು ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ, ಒಮ್ಮೆ ತಪ್ಪಾಗಿ ಎಳೆದರೆ ಮಾತ್ರ ನೂರು ವರ್ಷ ತಿದ್ದಲು ಆಗುವುದಿಲ್ಲ.

ಬಾಡಿಗೆದಾರರ ಸಮಸ್ಯೆ ಬೇರೆ. ಮನೆ ಮಾಲೀಕನದು, ಸೆಕೆ ಬಾಡಿಗೆದಾರನದು. ಮಾಲೀಕ ಕೆಳಗಿನ ಮಹಡಿಯಲ್ಲಿ ತಣ್ಣಗಿರುತ್ತಾನೆ, ಅತಿ ಮೇಲಿನ ಮಹಡಿ ಬಾಡಿಗೆಗೆ. ಅವನು ಸುಣ್ಣ ಬಳಿಸಬೇಕಾದ ಕಾರಣವೇ ಇಲ್ಲ. ಇಲ್ಲಿ ಗೃಹಜ್ಯೋತಿಯನ್ನು ನೆನಪಿಸುತ್ತೇನೆ. 200 ಯೂನಿಟ್ಟಿನ ಮಿತಿಯೊಳಗೆ ಬಿಲ್ಲು ಕಟ್ಟುವುದು ಸರ್ಕಾರ. ಬಿಸಿ ಛತ್ತಿನ ಕೆಳಗೆ ರಾತ್ರಿಯಿಡೀ ಓಡುವ ಕೂಲರ್, ಫ್ಯಾನಿನ ಕರೆಂಟಿಗೆ ದುಡ್ಡು ಕೊಡುತ್ತಿರುವುದೂ ಸರ್ಕಾರವೇ. ನಾನು ಗೃಹಜ್ಯೋತಿಯ ಪರ. ಆ ದುಡ್ಡಿನ ಒಂದು ಸಣ್ಣ ಭಾಗವನ್ನು ಛತ್ತಿಗೆ ಹಾಕಿದರೆ ಅದು ಹಲವು ಬೇಸಿಗೆಗೆ ಕೆಲಸ ಮಾಡುತ್ತದೆ ಅನ್ನುವುದಷ್ಟೇ ನನ್ನ ವಾದ.

ಇದರ ಮಿತಿಯನ್ನೂ ಹೇಳಿಬಿಡಬೇಕು. ಬಿಳಿ ಚಾವಣಿ ಕಾಯುವುದು ಅತಿ ಮೇಲಿನ ಮಹಡಿಯನ್ನು ಮಾತ್ರ. ಧೂಳು ಕೂತರೆ ಅದರ ಶಕ್ತಿ ಕುಗ್ಗುತ್ತದೆ, ಬೇಸಿಗೆಗೆ ಮುಂಚೆ ತೊಳೆಯಬೇಕು. ಸುಣ್ಣವಾದರೆ ಮಳೆಗಾಲ ತಿಂದುಹಾಕುತ್ತದೆ, ಪ್ರತಿ ಫೆಬ್ರವರಿ-ಮಾರ್ಚಿಗೆ ಮತ್ತೆ ಬಳಿಯಬೇಕು. ನೀರು ನಿಲ್ಲುವ, ಬಿರುಕು ಬಿಟ್ಟ ಛತ್ತಿಗೆ ಮೊದಲು ರಿಪೇರಿ, ಆಮೇಲೆ ಬಣ್ಣ. ಇಷ್ಟೆಲ್ಲ ಮಾಡಿದರೂ ಮನೆ ಹೊರಗಿನ ರಾತ್ರಿಗಿಂತ ತಣ್ಣಗಾಗುವುದಿಲ್ಲ. ರಾತ್ರಿಗಳೇ ಬಿಸಿಯಾಗುತ್ತಿರುವ ಕಾಲದಲ್ಲಿ ಸುಣ್ಣದ ಬಕೆಟ್ಟು ಹವಾಮಾನ ಬದಲಾವಣೆಗೆ ಉತ್ತರ ಅಲ್ಲ. ಅದು ಮಾಡುವುದು ಇಷ್ಟೇ: ಮನೆ ತಾನಾಗಿ ಸೇರಿಸುತ್ತಿದ್ದ ಹೆಚ್ಚಿನ ಬಿಸಿಯನ್ನು ತೆಗೆಯುತ್ತದೆ.

ನಿಮ್ಮ ಮನೆಗೂ ಇದು ಬೇಕಾ ಅಂತ ತಿಳಿಯಲು ಗನ್ನು ಬೇಡ. ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಒತ್ತಿ, ಆಮೇಲೆ ಒಳಗಿನ ಅಡ್ಡಗೋಡೆಗೆ ಒತ್ತಿ. ಸೀಲಿಂಗ್ ಬಿಸಿ ಅನಿಸಿದರೆ ನಿಮ್ಮ ಶತ್ರು ಚಾವಣಿ. ಎರಡೂ ಒಂದೇ ಅನಿಸಿ, ಪಶ್ಚಿಮದ ಗೋಡೆ ಬಿಸಿ ಅನಿಸಿದರೆ ಬಕೆಟ್ಟು ಬಿಟ್ಟು ತಟ್ಟಿಯ ಕಡೆ ನೋಡಿ. ಎಲ್ಲವೂ ತಣ್ಣಗಿದ್ದು ಕೋಣೆ ಮಾತ್ರ ಉಸಿರುಗಟ್ಟುತ್ತಿದ್ದರೆ ಗಾಳಿಗೆ ಎರಡನೇ ದಾರಿ ಇಲ್ಲ ಎಂದರ್ಥ.

ಹೋದ ವಾರ ಅವ್ವ ಫೋನ್ ಮಾಡಿದ್ದಳು. ಮಳೆಗೆ ಸುಣ್ಣ ಅರ್ಧ ಹೋಗಿದೆಯಂತೆ. ಪಕ್ಕದ ಪತ್ರಾಸ್ ಮನೆಯಾಕೆ ಬಂದು, "ನಮ್ಮ ತಗಡಿಗಿ ಇದು ಹತ್ತತದೇನ್ರೀ?" ಅಂತ ಕೇಳಿದಳಂತೆ. ಸುಣ್ಣ ಹತ್ತುವುದಿಲ್ಲ, ಪ್ರೈಮರ್, ಬಿಳಿ ಬಣ್ಣ ಬೇಕು ಅಂದೆ. "ಅಷ್ಟು ರೊಕ್ಕ ಆಕಿ ಹತ್ರ ಎಲ್ಲಿಂದ ಬರಬೇಕೋ" ಅಂದಳು ಅವ್ವ.

ಆ ಪ್ರಶ್ನೆ ನನಗೆ ಕೇಳಿದ್ದಲ್ಲ.